ಇಪ್ಪತ್ತಾರನೆಯವಳು ಗೈರು

2019ರ ಫೆಬ್ರವರಿ. ಸಕಲೇಶಪುರದ ಕಡೆ ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು. ನಮ್ಮ ಶಾಲೆಯ ಅಂಗಳಕ್ಕೆ ಪಕ್ಕದ ಕಣದಿಂದ ಒಣಗುತ್ತಿದ್ದ ಕಾಫಿಹಣ್ಣಿನ ಹುಳಿ ವಾಸನೆ ಬರುತ್ತಿತ್ತು. ಆ ದಿನ ಮಧ್ಯಾಹ್ನ ಕರೆಂಟು ಎರಡು ಸಲ ಹೋಗಿ ಬಂತು. ಮೂರನೆಯ ಸಲ ಬಂದಾಗ ಫ್ಯಾನು ತಿರುಗಿತು, ದೀಪ ಹತ್ತಿತು, ಕಚೇರಿಯ ಕಂಪ್ಯೂಟರು ಮಾತ್ರ ಏಳಲಿಲ್ಲ. ರಿಪೇರಿಯವನು ಬಂದು ಒಳಗಿನ ಡಬ್ಬಿಯನ್ನು ಕಿವಿಗೆ ಹಿಡಿದು ಕೇಳಿ, ವೈದ್ಯರು ಹೇಳುವ ದನಿಯಲ್ಲಿಯೇ ಹಾರ್ಡ್ ಡಿಸ್ಕ್ ಹೋಗಿದೆ ಎಂದು ಹೇಳಿದ.

ಅದರೊಳಗೆ ಹತ್ತನೆಯ ತರಗತಿಯ ಕ್ರೋಢೀಕೃತ ಅಂಕಪಟ್ಟಿ ಇತ್ತು. ತರಗತಿ ಶಿಕ್ಷಕ ನಾನು. ಎಕ್ಸೆಲ್‌ನಲ್ಲಿ ಬಣ್ಣ ಬಣ್ಣದ ಗೆರೆ ಹಾಕಿ ಕಟ್ಟಿದವನೂ ನಾನೇ. ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇದೆ ಎಂಬ ಧೈರ್ಯದಲ್ಲಿ ಅದನ್ನು ತೆಗೆದು ನೋಡಿದರೆ, ಜೂನ್ ತಿಂಗಳಲ್ಲಿ ಹೆಸರುಗಳನ್ನಷ್ಟೇ ತುಂಬಿಸಿದ್ದ ಖಾಲಿ ಪಟ್ಟಿ ಸಿಕ್ಕಿತು. ವಿಷಯ ಶಿಕ್ಷಕರು ಅಂಕ ಬರೆದು ಕೊಡುತ್ತಿದ್ದ ಚೀಟಿಗಳನ್ನು ನಾನು ಕಂಪ್ಯೂಟರಿಗೆ ಏರಿಸಿದ ಕೂಡಲೇ ಹರಿದು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಮೇಜು ಚೊಕ್ಕವಾಗಿರಬೇಕು ಎಂಬ ಚಟ.

ಹೋದದ್ದು ಎಷ್ಟು ಎಂದು ಹೊರಗಿನವರಿಗೆ ತಿಳಿಯಲು ಸ್ವಲ್ಪ ವಿವರಿಸಬೇಕು. ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿರುತ್ತವೆ. ಶಾಲೆಯಲ್ಲಿ ಯಾರೂ ಆ ಉದ್ದನೆಯ ಹೆಸರು ಹೇಳುವುದಿಲ್ಲ, ಎಫ್‌ಎ ಎನ್ನುತ್ತಾರೆ. ಒಂದೊಂದು ಎಫ್‌ಎಗೆ 50 ಅಂಕ: ಎರಡು ಚಟುವಟಿಕೆಗಳಿಗೆ ಹದಿನೈದು ಹದಿನೈದು, ಕಿರುಪರೀಕ್ಷೆಗೆ ಇಪ್ಪತ್ತು. ನಾಲ್ಕೂ ಸೇರಿ 200. ಅದನ್ನು 20ಕ್ಕೆ ಇಳಿಸಿದರೆ ಆಂತರಿಕ ಅಂಕ. ಪ್ರಥಮ ಭಾಷೆಯಲ್ಲಿ 25ಕ್ಕೆ. ಮಗು ಮಾರ್ಚ್ ತಿಂಗಳಲ್ಲಿ ಪರೀಕ್ಷೆಗೆ ಕೂರುವ ಮೊದಲೇ ಅದರ ಕೈಯಲ್ಲಿರುವ ಅಂಕ ಇದು. ಮಕ್ಕಳು 38, ವಿಷಯ 6, ಎಫ್‌ಎ 4. ಒಟ್ಟು 912 ಮನೆಗಳ ಪಟ್ಟಿ. ಮಂಡಳಿಗೆ ಕಳುಹಿಸಲು ಉಳಿದಿದ್ದದ್ದು ಎರಡು ವಾರ.

ಮುಖ್ಯೋಪಾಧ್ಯಾಯರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಗಣಿತದ ಮೇಡಂ ಕಡೆಗೆ ನೋಡಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಅರಸೀಕೆರೆ ಕಡೆಯ ಹೆಂಗಸು. ನಮ್ಮ ಮಲೆನಾಡಿನ ಮಳೆಯನ್ನು ಮೂವತ್ತು ವರ್ಷ ಬೈದುಕೊಂಡೇ ಇಲ್ಲಿ ಉಳಿದವರು. ಅವರು ಕನ್ನಡಕ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ಅಂಕ ಕಳೆದಿದೆಯೋ, ಪಟ್ಟಿ ಕಳೆದಿದೆಯೋ?"

ಆ ಪ್ರಶ್ನೆ ನನಗೆ ಆಗ ಅರ್ಥವಾಗಲಿಲ್ಲ. ಅಂಕಗಳು ಕಳೆದಿರಲಿಲ್ಲ. ಶಿಕ್ಷಕರ ಪುಸ್ತಕಗಳಲ್ಲಿ, ಮಕ್ಕಳ ಚೀಲಗಳಲ್ಲಿ, ಬಿಸಿಯೂಟದ ಅಕ್ಕಿಯ ಖಾಲಿ ಚೀಲಗಳಲ್ಲಿ ಕಟ್ಟಿಟ್ಟ ಉತ್ತರಪತ್ರಿಕೆಗಳಲ್ಲಿ ಅವು ಚೆಲ್ಲಾಡಿಕೊಂಡು ಬಿದ್ದಿದ್ದವು. ಯಾವ ಅಂಕ ಯಾರದು ಎಂದು ಒಂದೇ ಕಡೆ ಹೇಳುತ್ತಿದ್ದ ವಸ್ತು ಮಾತ್ರ ಹೋಗಿತ್ತು.

ಮರುದಿನ ಪುಸ್ತಕಗಳನ್ನೆಲ್ಲ ಗ್ರಂಥಾಲಯದ ಮೇಜಿನ ಮೇಲೆ ಸುರಿದೆವು. ಗಣಿತದ ಮೇಡಂ ಅವರ ಪುಸ್ತಕ, ರಟ್ಟಿಗೆ ಕಂದು ಕಾಗದ ಹಾಕಿ, ಒಳಗೆ ಗೆರೆ ಹೊಡೆದು, ದಿನಾಂಕ ಬರೆದು ಇಟ್ಟದ್ದು. ಇಂಗ್ಲಿಷ್‌ನವರದು ಹಳೆಯ ಡೈರಿ. ಸಮಾಜ ವಿಜ್ಞಾನದವರು ಪಾಠಟಿಪ್ಪಣಿಯ ಕೊನೆಯ ಹಾಳೆಗಳಲ್ಲಿ ಬರೆದಿದ್ದರು, ನಡುವೆ ಯಾರದೋ ಮದುವೆಯ ಮುಯ್ಯಿಯ ಲೆಕ್ಕವೂ ಇತ್ತು. ಹಿಂದಿಯವರು ಎರಡು ಶಾಲೆಗೆ ಓಡಾಡುವವರು, ಅವರ ಪುಸ್ತಕದಲ್ಲಿ ಎರಡೂ ಶಾಲೆ ಬೆರೆತಿತ್ತು. ವಿಜ್ಞಾನದವರು ಅಕ್ಟೋಬರಿನಲ್ಲೇ ಬೇರೆ ಜಿಲ್ಲೆಗೆ ವರ್ಗವಾಗಿ ಹೋಗಿದ್ದರು. ಮೊದಲ ಎಫ್‌ಎಯ ಪುಸ್ತಕ ಬಿಟ್ಟು ಹೋಗಿದ್ದರು, ಎರಡನೆಯದರದು ಎಲ್ಲಿಯೂ ಸಿಗಲಿಲ್ಲ. ಕನ್ನಡದ್ದು ನನ್ನದೇ. ಅದರ ಸ್ಥಿತಿ ಹೇಳುವುದು ಬೇಡ.

ನಾನು ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡಲು ಕುಳಿತೆ. ಮೇಡಂ ಅದನ್ನು ಮುಚ್ಚಿದರು. ಅವರ ಕೈಯಲ್ಲಿ ದೊಡ್ಡ ಲೆಡ್ಜರ್ ಹಾಳೆ, ನೀಲಿ ಪೆನ್ನು, ಕಪ್ಪು ಪೆನ್ನು, ಪೆನ್ಸಿಲ್ ಇದ್ದವು. ಶಿಕ್ಷಕರ ಪುಸ್ತಕದಿಂದ ನೇರವಾಗಿ ಬಂದ ಅಂಕ ನೀಲಿಯಲ್ಲಿ. ಮಗುವಿನ ಉತ್ತರಪತ್ರಿಕೆ ಅಥವಾ ಚಟುವಟಿಕೆ ಪುಸ್ತಕದಿಂದ ಬಂದದ್ದು ಕಪ್ಪಿನಲ್ಲಿ. ಬೇರೆ ಅಂಕಗಳಿಂದ ಕೂಡಿ ಕಳೆದು ಕಂಡುಹಿಡಿದದ್ದು ಪೆನ್ಸಿಲ್‌ನಲ್ಲಿ. ಹಸಿರು ಬಳಸಬಹುದಲ್ಲ, ಎದ್ದು ಕಾಣುತ್ತದೆ ಎಂದೆ. "ಹಸಿರು ಇಂಕು ಪತ್ರಾಂಕಿತ ಅಧಿಕಾರಿಗಳದು, ನಮ್ಮಿಬ್ಬರದಲ್ಲ," ಎಂದರು. ತಮಾಷೆಯೋ ನಿಜವೋ ಅವರ ಮುಖ ನೋಡಿ ಹೇಳುವುದು ಕಷ್ಟ.

ಬಣ್ಣದ ಗೊಡವೆ ಏಕೆ ಎಂದು ನನಗೆ ಒಳಗೊಳಗೇ ಬೇಸರವಿತ್ತು. ನನ್ನ ಹಳೆಯ ಎಕ್ಸೆಲ್ ಪಟ್ಟಿಯಲ್ಲಿ ಇದ್ದ ಬಣ್ಣಗಳು ಅಲಂಕಾರಕ್ಕೆ ಇದ್ದವು. 38 ಎಂಬ ಅಂಕ ಅಲ್ಲಿ 38 ಅಷ್ಟೇ, ಎಲ್ಲಿಂದ ಬಂತು ಎಂದು ಅದನ್ನು ಕೇಳುವಂತಿರಲಿಲ್ಲ. ಇಲ್ಲಿ ಹಾಗಲ್ಲ. ಎರಡು ಅಂಕಗಳ ನಡುವೆ ಜಗಳ ಬಂದಾಗ ಯಾವುದನ್ನು ಮೊದಲು ಅನುಮಾನಿಸಬೇಕು ಎಂಬುದನ್ನು ಬಣ್ಣವೇ ಹೇಳುತ್ತಿತ್ತು. ಮೊದಲು ಪೆನ್ಸಿಲ್, ಆಮೇಲೆ ನೀಲಿ, ಕಟ್ಟಕಡೆಗೆ ಕಪ್ಪು. ನೀಲಿ ಶಿಕ್ಷಕರ ಕೈಯದು, ಆದರೂ ಅದು ನಕಲು. ಕಪ್ಪು ಮೂಲದ್ದು, ಕೆಂಪು ಇಂಕು ಮಗುವಿನ ಕಾಗದಕ್ಕೆ ತಾಗಿದ ಜಾಗದ್ದು.

ಮೊದಲ ಎಫ್‌ಎಯ ಗಣಿತದಿಂದ ಆರಂಭಿಸಿದೆವು, ಪುಸ್ತಕ ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು. ಅವರು ಓದುವುದು, ನಾನು ಬರೆಯುವುದು. ಹುಡುಗರು ಒಂದರಿಂದ ಹದಿನೇಳು. ಗಂಟೆ ಹೊಡೆದ ಹಾಗೆ ಸಾಗಿತು. ಹುಡುಗಿಯರು ಹದಿನೆಂಟರಿಂದ. ಇಪ್ಪತ್ನಾಲ್ಕು, ಇಪ್ಪತ್ತೈದು ಆಯಿತು. "ಇಪ್ಪತ್ತಾರು, ಗೈರು" ಎಂದು ಓದಿದರು. ನಾನು ಇಪ್ಪತ್ತಾರನೆಯ ಹೆಸರಿನ ಮುಂದೆ 'ಗೈ' ಎಂದು ಬರೆದೆ. ಅವರು ಪುಸ್ತಕದಿಂದ ತಲೆ ಎತ್ತಿ ನನ್ನ ಹಾಳೆಯಲ್ಲಿದ್ದ ಹೆಸರನ್ನು ನೋಡಿದರು.

"ಇವಳು ಗೈರಾಗಿರಲಿಲ್ಲ. ಆ ದಿನ ಪತ್ರಿಕೆಗಳನ್ನು ಒಟ್ಟು ಮಾಡಿ ತಂದುಕೊಟ್ಟವಳು ಇವಳೇ."

ನನಗೆ ನಗು ಬಂತು. ಏಳು ತಿಂಗಳ ಹಿಂದೆ ಪತ್ರಿಕೆ ಒಟ್ಟು ಮಾಡಿದವರು ಯಾರೆಂದು ಯಾರಿಗೆ ನೆನಪಿರುತ್ತದೆ? ಅವರೂ ನೆನಪನ್ನು ನಂಬಲಿಲ್ಲ, ಅದು ಬೇರೆ ಮಾತು. ಹಾಜರಿ ಪುಸ್ತಕ ತರಿಸಿದರು. ಪರೀಕ್ಷೆ ನಡೆದದ್ದು ಜುಲೈ 27ರಂದು ಎಂದು ಅವರ ಪುಸ್ತಕದಲ್ಲಿತ್ತು. ಜುಲೈ ಪುಟ ತೆರೆದರೆ ಆ ದಿನ ಗೈರಾಗಿದ್ದವಳು ಒಬ್ಬಳೇ. ಆ ಪುಟದಲ್ಲಿ ಅವಳ ಕ್ರಮ ಸಂಖ್ಯೆ ಇಪ್ಪತ್ತಾರೇ. ಆದರೆ ಅವಳು ನನ್ನ ಹಾಳೆಯ ಇಪ್ಪತ್ತಾರನೆಯವಳಲ್ಲ, ಇಪ್ಪತ್ತೇಳನೆಯವಳು.

ಆಗಸ್ಟ್ ಪುಟ ತಿರುವಿದಾಗ ಗುಟ್ಟು ಹೊರಬಿತ್ತು. ಜುಲೈ ಕೊನೆಯವರೆಗೆ ತರಗತಿಯಲ್ಲಿ 37 ಮಕ್ಕಳಿದ್ದರು. ಆ ತಿಂಗಳ ಕೊನೆಗೆ ವರ್ಗಾವಣೆ ಪತ್ರ ಹಿಡಿದು ಒಬ್ಬಳು ಹುಡುಗಿ ಬಂದಳು. ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳೂ ಹೆಸರುಗಳನ್ನು ಹೊಸದಾಗಿ ಬರೆಯಬೇಕಲ್ಲ, ಆಗಸ್ಟ್ ಪುಟ ಬರೆಯುವಾಗ ನಾನು ಅವಳನ್ನು ಕೊನೆಗೆ ಸೇರಿಸುವ ಬದಲು ಅಕಾರಾದಿಯಲ್ಲಿ ಅವಳ ಜಾಗ ಹುಡುಕಿ ಇಪ್ಪತ್ತಮೂರನೆಯವಳಾಗಿ ಕೂರಿಸಿದ್ದೆ. ಕನ್ನಡ ಮೇಷ್ಟ್ರಲ್ಲವೇ, ಕಾಗುಣಿತ ಕೆಡಬಾರದು! ಅವಳ ಕೆಳಗಿದ್ದ ಹದಿನೈದು ಹುಡುಗಿಯರೂ ಒಂದೊಂದು ಮೆಟ್ಟಿಲು ಇಳಿದರು. ಹುಡುಗರು ಮೇಲಿದ್ದರು, ಅವರಿಗೆ ಏನೂ ಆಗಲಿಲ್ಲ. ಅದೇ ಮೋಸ. ಮೊದಲ ಇಪ್ಪತ್ತೆರಡು ಸಾಲು ಅಚ್ಚುಕಟ್ಟಾಗಿ ಹೊಂದಿದಾಗ ಇಪ್ಪತ್ತಮೂರನೆಯದನ್ನು ಯಾರೂ ಅನುಮಾನಿಸುವುದಿಲ್ಲ.

ಗೈರು ಎಂಬ ಆ ಒಂದು ಗುರುತು ಇಲ್ಲದಿದ್ದರೆ ಹದಿನೈದು ಹುಡುಗಿಯರ ಅಂಕ ಅವರವರ ಪಕ್ಕದವಳ ಪಾಲಾಗುತ್ತಿತ್ತು. ಇಷ್ಟಾದರೂ ಒಟ್ಟು ಲೆಕ್ಕ ಸರಿಯೇ ಇರುತ್ತಿತ್ತು. ಗಣಿತದ ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಕೂಡಿದರೆ ಅದೇ ಮೊತ್ತ, ಅದೇ ಸರಾಸರಿ. ಮನೆಯ ಒಡವೆಯೆಲ್ಲ ಪೆಟ್ಟಿಗೆಯಲ್ಲಿಯೇ ಇದೆ, ಯಾವುದು ಯಾವ ಮಗಳದೆಂದು ಮಾತ್ರ ತಿಳಿಯದು ಎಂಬಂತೆ.

ಆಮೇಲೆ ಕೆಲಸ ನಿಂತಿತು. ಮೇಡಂ ಇನ್ನು ಒಂದು ಅಂಕವನ್ನೂ ಬರೆಯಗೊಡಲಿಲ್ಲ. ಪ್ರತಿ ಪುಸ್ತಕ ಯಾವ ಸಂಖ್ಯೆಯಲ್ಲಿ ಮಾತಾಡುತ್ತಿದೆ ಎಂದು ಮೊದಲು ತಿಳಿಯಬೇಕು ಎಂದರು. 2018ರ ಆಗಸ್ಟ್ ತಿಂಗಳ ಮಳೆ ನೆನಪಿರುವವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಶಿರಾಡಿ ಘಾಟಿ ಕುಸಿಯಿತು, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರೈಲುಹಳಿಯ ಮೇಲೆ ಗುಡ್ಡ ಬಿತ್ತು, ಶಾಲೆಗೆ ರಜೆಯ ಮೇಲೆ ರಜೆ. ಮೊದಲ ಎಫ್‌ಎಯನ್ನು ಗಣಿತ ಮತ್ತು ವಿಜ್ಞಾನದವರು ಜುಲೈನಲ್ಲೇ ಮುಗಿಸಿದ್ದರು. ಉಳಿದವರದು ಮಳೆ ನಿಂತ ಮೇಲೆ, ಆಗಸ್ಟ್ ಕೊನೆಯಲ್ಲಿ. ಹೀಗಾಗಿ ಒಂದೇ ಎಫ್‌ಎಯೊಳಗೆ ಎರಡು ಬಗೆಯ ಕ್ರಮ ಸಂಖ್ಯೆಗಳು. ಸಮಾಜ ವಿಜ್ಞಾನದವರದು ಮೂರನೆಯ ಬಗೆ. ಅವರು ಜೂನ್ ತಿಂಗಳಲ್ಲಿ ಬರೆದಿಟ್ಟ 37 ಸಂಖ್ಯೆಗಳ ಪಟ್ಟಿಯನ್ನೇ ಫೆಬ್ರವರಿಯವರೆಗೆ ಬಳಸಿದ್ದರು, ಹೊಸ ಹುಡುಗಿಗೆ ಕೊನೆಯಲ್ಲಿ 38 ಎಂದು ಕೊಟ್ಟಿದ್ದರು. ನಿಜ ಹೇಳಬೇಕೆಂದರೆ ಬುದ್ಧಿವಂತ ಕೆಲಸ ಮಾಡಿದವರು ಅವರೊಬ್ಬರೇ. ಹಿಂದಿಯವರು ಸಂಖ್ಯೆಯನ್ನೇ ಹಾಕಿರಲಿಲ್ಲ, ಬರಿಯ ಹೆಸರು.

ಪುಸ್ತಕದ ಸಂಖ್ಯೆ ಯಾವುದೆಂದು ತಿಳಿಯುವ ಉಪಾಯ ಹೀಗಿತ್ತು. ಅಕ್ಕಿ ಚೀಲದಿಂದ ಆ ವಿಷಯದ ಉತ್ತರಪತ್ರಿಕೆಗಳ ಕಟ್ಟು ತೆಗೆಯುವುದು. ಪತ್ರಿಕೆಯಲ್ಲಿ ಹೆಸರಿರುತ್ತದೆ, ಕಿರುಪರೀಕ್ಷೆಯ ಅಂಕವೂ ಇರುತ್ತದೆ. 38 ಪತ್ರಿಕೆಗಳನ್ನೂ ನೋಡುವ ಅಗತ್ಯವಿಲ್ಲ. ಹುಡುಗರಲ್ಲಿ ಒಬ್ಬ, ಇಪ್ಪತ್ತೆರಡನೆಯವಳು, ಇಪ್ಪತ್ತಮೂರರ ಆಚೆಗಿನ ಮೂವರು, ಕೊನೆಯವಳು. ಇಷ್ಟು ಜನರ ಅಂಕಗಳು ಪುಸ್ತಕದೊಂದಿಗೆ ಹೊಂದಿದರೆ ಸಾಕು. ಆಚೆಗಿನ ಮೂವರನ್ನು ಆರಿಸುವಾಗ ಅಕ್ಕಪಕ್ಕದವರ ಅಂಕ ಬೇರೆ ಬೇರೆಯಾಗಿರುವವರನ್ನೇ ನೋಡಿ ಆರಿಸುತ್ತಿದ್ದರು. ಇಬ್ಬರಿಗೂ 14 ಬಂದಿದ್ದರೆ ಸಾಲು ಜಾರಿದ್ದು ಗೊತ್ತಾಗುವುದಾದರೂ ಹೇಗೆ? ಬಟ್ಟೆ ಹೊಲಿಯುವವರು ಇಡೀ ಅಂಗಿಯನ್ನು ಎಳೆದು ನೋಡುವುದಿಲ್ಲ, ಹೊಲಿಗೆ ಬಿಡುವ ಜಾಗವನ್ನು ನೋಡುತ್ತಾರೆ.

ಇಷ್ಟಾದ ಮೇಲೆ ಲೆಡ್ಜರ್ ಹಾಳೆಯ ಎಡಬದಿಯಲ್ಲಿ ಕ್ರಮ ಸಂಖ್ಯೆಯ ಜಾಗಕ್ಕೆ ದಾಖಲಾತಿ ಸಂಖ್ಯೆ ಬಂತು. ಮಗು ಶಾಲೆಗೆ ಸೇರಿದ ದಿನ ದಾಖಲಾತಿ ವಹಿಯಲ್ಲಿ ಬೀಳುವ ಸಂಖ್ಯೆ ಅದು. ಯಾರು ಬಂದರೂ ಹೋದರೂ, ಯಾವ ಮೇಷ್ಟ್ರು ಅಕಾರಾದಿಯ ಮೋಹಕ್ಕೆ ಬಿದ್ದರೂ ಬದಲಾಗದು. ಅದರ ಪಕ್ಕದಲ್ಲಿ ಜುಲೈ ಸಂಖ್ಯೆ, ಆಗಸ್ಟ್ ಸಂಖ್ಯೆ, ಸಮಾಜ ವಿಜ್ಞಾನದ ಸಂಖ್ಯೆ. ಈ ನಾಲ್ಕು ಕಂಬಸಾಲುಗಳ ಹಾಳೆಗೆ ಒಂದೂವರೆ ದಿನ ಹಿಡಿಯಿತು. ಅಂಕ ತುಂಬುವ ಕೆಲಸ ಅದಾದ ಮೇಲೆ ಮೂರೇ ದಿನದಲ್ಲಿ ಮುಗಿಯಿತು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಓದುವುದು, ಬರೆಯುವುದು, ಮಧ್ಯೆ ಕಾಫಿ. ಹೊಸ ಹುಡುಗಿಯ ಗಣಿತ ಮತ್ತು ವಿಜ್ಞಾನದ ಮೊದಲ ಎಫ್‌ಎ ಅಂಕಗಳನ್ನು ಅವಳ ಹಳೆಯ ಶಾಲೆ ಕೊಟ್ಟ ಪತ್ರದಿಂದ ತೆಗೆದುಕೊಂಡೆವು.

ಉಳಿದದ್ದು ವಿಜ್ಞಾನದ ಎರಡನೆಯ ಎಫ್‌ಎ. ಒಂದು ಇಡೀ ಕಂಬಸಾಲು ಖಾಲಿ. ವರ್ಗವಾಗಿ ಹೋದವರಿಗೆ ಫೋನ್ ಮಾಡಿದೆವು. ಮನೆ ಬದಲಿಸುವಾಗ ಪುಸ್ತಕ ಹೋಗಿದೆ ಎಂದು ನೊಂದುಕೊಂಡರು.

ಮೇಡಂ ಮಕ್ಕಳ ಪ್ರಗತಿ ಪತ್ರಗಳನ್ನು ತರಿಸಿದರು. ನಮ್ಮ ಪ್ರಗತಿ ಪತ್ರದಲ್ಲಿ ವಿಷಯವಾರು ಅಂಕ ಇರಲಿಲ್ಲ, ಶ್ರೇಣಿ ಮಾತ್ರ: 50ಕ್ಕೆ 45ರಿಂದ ಮೇಲೆ ಎ ಪ್ಲಸ್, 35ರಿಂದ 44 ಎ, 25ರಿಂದ 34 ಬಿ ಪ್ಲಸ್, ಹೀಗೆ. ಆದರೆ ಕೆಳಗೆ ಆರೂ ವಿಷಯ ಸೇರಿ 300ಕ್ಕೆ ಬಂದ ಒಟ್ಟು ಅಂಕ ಇತ್ತು. ಒಟ್ಟಿನಿಂದ ಗೊತ್ತಿರುವ ಐದನ್ನು ಕಳೆದರೆ ಆರನೆಯದು ಸಿಗುತ್ತದೆ. ನಾನು ಹಿಗ್ಗಿದೆ. ಒಂದೇ ಸಂಜೆಯಲ್ಲಿ ಮುಗಿಸಬಹುದು!

"ಮುಗಿಯುತ್ತದೆ. ಆದರೆ ಕಳೆಯುವ ಲೆಕ್ಕ ಗುಡಿಸಿದ ಹಾಗೆ, ಮೇಷ್ಟ್ರೇ. ಐದು ಕೋಣೆಯ ಕಸವೂ ಕೊನೆಯ ಕೋಣೆಯಲ್ಲಿ ಬಂದು ನಿಲ್ಲುತ್ತದೆ," ಎಂದರು. ಬೇರೆ ಐದು ವಿಷಯಗಳಲ್ಲಿ ಎಲ್ಲಿ ತಪ್ಪಿದ್ದರೂ ಆ ತಪ್ಪು ವಿಜ್ಞಾನದ ಅಂಕವಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಅವರ ಮಾತಿನ ಅರ್ಥ. ಅದಕ್ಕೇ ಪೆನ್ಸಿಲ್. ಅದಕ್ಕೇ ಕಳೆದು ಬಂದ ಅಂಕ ಪ್ರಗತಿ ಪತ್ರದಲ್ಲಿರುವ ವಿಜ್ಞಾನದ ಶ್ರೇಣಿಯೊಳಗೆ ಬೀಳುತ್ತದೆಯೇ ಎಂದು ಪ್ರತಿ ಸಲವೂ ನೋಡುವುದು.

ಹತ್ತೊಂಬತ್ತನೆಯವಳ ತನಕ ಎಲ್ಲವೂ ಬಿದ್ದವು. ಅವಳ ಒಟ್ಟು ಅಂಕ 237. ಕನ್ನಡ 41, ಇಂಗ್ಲಿಷ್ 36, ಹಿಂದಿ 34, ಗಣಿತ 39, ಸಮಾಜ ವಿಜ್ಞಾನ 40. ಕೂಡಿದರೆ 190. ಹಾಗಾದರೆ ವಿಜ್ಞಾನ 47, ಅಂದರೆ ಎ ಪ್ಲಸ್. ಪ್ರಗತಿ ಪತ್ರದಲ್ಲಿ ನನ್ನದೇ ಕೈಬರಹದಲ್ಲಿ ಎ ಎಂದಿದೆ.

ನಾನು ತಕ್ಷಣ ವಿಜ್ಞಾನದ ಶ್ರೇಣಿ ತಪ್ಪಾಗಿ ಬರೆದಿರಬೇಕು ಎಂದೆ. ಅವರು ವಿಜ್ಞಾನದ ಕಡೆ ನೋಡಲೇ ಇಲ್ಲ. ಉಳಿದ ಐದರಲ್ಲಿ ಯಾವುದೋ ಒಂದು ಕಡಿಮೆಯಾಗಿದೆ ಎಂದು ಹೇಳಿ, ಮುಖ್ಯೋಪಾಧ್ಯಾಯರ ಕಡತದಿಂದ ಫಲಿತಾಂಶ ವಿಶ್ಲೇಷಣೆಯ ಹಾಳೆ ತೆಗೆಸಿದರು. ಪ್ರತಿ ಎಫ್‌ಎ ಆದ ಮೇಲೆ ಸಭೆಗೆಂದು ನಾನೇ ಮುದ್ರಿಸಿ ಕೊಡುತ್ತಿದ್ದ ಒಂದು ಪುಟ. ಮಕ್ಕಳ ಹೆಸರಿಲ್ಲ, ವಿಷಯವಾರು ಸರಾಸರಿ ಮತ್ತು ಯಾವ ಶ್ರೇಣಿಯಲ್ಲಿ ಎಷ್ಟು ಮಂದಿ ಎಂಬುದಷ್ಟೇ. ಕಳೆದುಹೋದ ಪಟ್ಟಿಯ ನೆರಳು ಎನ್ನಬಹುದು. ಐದೂ ವಿಷಯಗಳ ಕಂಬಸಾಲುಗಳನ್ನು ಕೂಡಿ ಸರಾಸರಿ ತೆಗೆದೆವು. ನಾಲ್ಕು ಹೊಂದಿದವು. ಹಿಂದಿ ಹೊಂದಲಿಲ್ಲ. ಹಾಳೆಯಲ್ಲಿ 33.5, ನಮ್ಮ ಮೊತ್ತ 1264, ಅದನ್ನು 38ರಿಂದ ಭಾಗಿಸಿದರೆ 33.3.

ಸರಾಸರಿಯನ್ನು ಒಂದೇ ದಶಾಂಶಕ್ಕೆ ಮುದ್ರಿಸಿದ್ದರಿಂದ ಮೂಲ ಮೊತ್ತ ಇಂತಿಷ್ಟೇ ಎಂದು ಹೇಳಲಾಗದು. 33.5 ಎಂದು ಬರಬೇಕಾದರೆ ಮೊತ್ತ 1272, 1273, 1274 ಇವುಗಳಲ್ಲಿ ಒಂದಿರಬೇಕು. ಅಂದರೆ ನಾವು ಎಂಟೋ ಒಂಬತ್ತೋ ಹತ್ತೋ ಅಂಕ ಕಳೆದುಕೊಂಡಿದ್ದೇವೆ. ಶ್ರೇಣಿಯ ಎಣಿಕೆಯಲ್ಲಿ ಎ ಒಬ್ಬರು ಕಡಿಮೆ, ಬಿ ಪ್ಲಸ್ ಒಬ್ಬರು ಹೆಚ್ಚು. ಒಂಬತ್ತು ಎಂದ ಕೂಡಲೇ ಮೇಡಂ ಮುಖ ಅರಳಿತು. ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಬರೆದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಡಿಯೇ ಆಗಿರುತ್ತದೆ. ಲೆಕ್ಕ ಬರೆಯುವ ಶಾನುಭೋಗರ ಕಾಲದಿಂದಲೂ ಕೈ ಮಾಡುವ ತಪ್ಪು. ಹತ್ತೊಂಬತ್ತನೆಯವಳ 34ನ್ನು ತಿರುಗಿಸಿದರೆ 43. ಬಿ ಪ್ಲಸ್‌ನಿಂದ ಎಗೆ ಏರುತ್ತದೆ. ಮೊತ್ತ 1273 ಆಗುತ್ತದೆ. ವಿಜ್ಞಾನ 47ರಿಂದ 38ಕ್ಕೆ ಇಳಿಯುತ್ತದೆ, ಎ.

ಮೂರು ಕಡೆಯಿಂದಲೂ ಬೀಗ ಹೊಂದಿತು. ಬರೆದುಬಿಡೋಣವೇ ಎಂದೆ. ಬೇಡ ಎಂದರು. ಹೊಂದುತ್ತದೆ ಎನ್ನುವುದು ಬೇರೆ, ನೋಡಿದ್ದೇವೆ ಎನ್ನುವುದು ಬೇರೆ. ಅಕ್ಕಿ ಚೀಲ ಬಿಚ್ಚಿ ಅವಳ ಹಿಂದಿ ಪತ್ರಿಕೆ ತೆಗೆದೆವು: 17. ಚಟುವಟಿಕೆ ಪುಸ್ತಕದಲ್ಲಿ 13, ಮತ್ತೆ 13. ನಲವತ್ತಮೂರು. ನೀಲಿ 34ನ್ನು ಒಂದೇ ಗೆರೆಯಿಂದ ಹೊಡೆದು, ಕೆಳಗಿನ ಅಂಕ ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಕಪ್ಪಿನಲ್ಲಿ 43 ಬರೆದರು. ಹಿಂದಿಯವರಿಗೆ ತೋರಿಸಿದಾಗ ಅವರು ಬಸ್ಸಿನಲ್ಲಿ ಕುಳಿತು ನಕಲು ಮಾಡಿದ್ದನ್ನು ಒಪ್ಪಿಕೊಂಡರು. ಹಾನುಬಾಳು ರಸ್ತೆಯ ತಿರುವುಗಳಲ್ಲಿ 43 ಉಳಿದುಕೊಂಡರೆ ಅದೇ ಆಶ್ಚರ್ಯ.

ಇಪ್ಪತ್ತಾರನೆಯವಳ ವಿಷಯದಲ್ಲಿ ಈ ವಿಶ್ಲೇಷಣೆಯ ಹಾಳೆ ನಮಗೆ ಏನೂ ಹೇಳುತ್ತಿರಲಿಲ್ಲ ಎಂಬುದನ್ನು ಆ ರಾತ್ರಿ ಮಲಗಿದ ಮೇಲೆ ಯೋಚಿಸಿದೆ. ಸಾಲು ಜಾರಿದ್ದನ್ನು ಕಂಬಸಾಲಿನ ಮೊತ್ತ ಕಾಣದು. ಅದಕ್ಕೆ ಅಂಕ ಮುಖ್ಯ, ಒಡೆಯರಲ್ಲ. ಒಬ್ಬೊಬ್ಬ ಮಗುವಿನ ಅಡ್ಡಸಾಲಿನ ಮೊತ್ತಕ್ಕೆ ಮಾತ್ರ ಅದು ಕಾಣುತ್ತದೆ. ಎರಡೂ ದಿಕ್ಕಿನಿಂದ ಕೂಡಿ ನೋಡಬೇಕಾದ್ದು ಅದಕ್ಕೇ. ಮೊದಲ ಎಫ್‌ಎಯ ಪ್ರಗತಿ ಪತ್ರಗಳನ್ನೂ ಮರುದಿನ ಹಾಗೆಯೇ ಅಡ್ಡಡ್ಡವಾಗಿ ಕೂಡಿ ನೋಡಿದೆವು. ಹದಿನೈದು ಹುಡುಗಿಯರೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು.

ವಿಜ್ಞಾನದ ಆ ಕಂಬಸಾಲಿನಲ್ಲಿ ನಾಲ್ಕು ಮಕ್ಕಳ ಪ್ರಗತಿ ಪತ್ರ ಸಿಕ್ಕಿರಲಿಲ್ಲ. ಮೂವರದನ್ನು ಉತ್ತರಪತ್ರಿಕೆ ಮತ್ತು ಚಟುವಟಿಕೆ ಪುಸ್ತಕಗಳಿಂದ ಕಟ್ಟಿದೆವು. ಉಳಿದವಳು ಮೂವತ್ತೊಂದನೆಯವಳು. ತಂದೆ ತಾಯಿ ತೋಟದಲ್ಲಿ ಹಣ್ಣು ಕೊಯ್ಯುವವರು, ಲೈನ್ ಮನೆಯಲ್ಲಿ ವಾಸ. ಮಳೆಗಾಲದಲ್ಲಿ ಸೌದೆ ಹತ್ತದಿದ್ದಾಗ ಅಣ್ಣ ಒಲೆಗೆ ಹಾಕಿದ ಕಾಗದಗಳಲ್ಲಿ ಪ್ರಗತಿ ಪತ್ರವೂ ಹೋಗಿತ್ತು. ಇದನ್ನು ಅವಳು ನೆಲ ನೋಡುತ್ತಾ ಹೇಳಿದಾಗ, ಕಂಪ್ಯೂಟರನ್ನೇ ಕಳೆದುಕೊಂಡ ನಾನು ಏನು ಹೇಳಲಿ?

ಅವಳ ಕಿರುಪರೀಕ್ಷೆಯ ಪತ್ರಿಕೆ ಚೀಲದಲ್ಲಿ ಸಿಕ್ಕಿತು: 14. ಎರಡನೆಯ ಚಟುವಟಿಕೆ ಅವಳ ವಿಜ್ಞಾನದ ಪುಸ್ತಕದಲ್ಲೇ ಇತ್ತು: 12. ಮೊದಲ ಚಟುವಟಿಕೆ ಇಲ್ಲ. ಮತ್ತೆ ಫೋನ್ ಮಾಡಿದಾಗ ವಿಜ್ಞಾನದವರು, "ಒಳ್ಳೆಯ ಹುಡುಗಿ ಮೇಡಂ, ಧಾರಾಳವಾಗಿ ಒಂದು ಹನ್ನೆರಡು ಹಾಕಿಬಿಡಿ," ಎಂದರು. ಮೇಡಂ ಅವರಿಗೆ ಧನ್ಯವಾದ ಹೇಳಿ ಫೋನ್ ಇಟ್ಟರು. ಹನ್ನೆರಡು ಹಾಕಲಿಲ್ಲ.

ಹಾಕುವ ಬದಲು ಹಾಳೆಯ ಅಂಚಿನಲ್ಲಿ ಲೆಕ್ಕ ಮಾಡಿದರು. ಅವಳ ಉಳಿದ ಮೂರು ಎಫ್‌ಎಗಳು 41, 38, 44. ಕೂಡಿದರೆ 123. ಎರಡನೆಯದರಲ್ಲಿ ಗೊತ್ತಿರುವುದು 26. ಕಾಣದ ಚಟುವಟಿಕೆಗೆ ಸೊನ್ನೆ ಬಂದಿದ್ದರೆ ನಾಲ್ಕೂ ಸೇರಿ 149, ಪೂರ್ತಿ ಹದಿನೈದು ಬಂದಿದ್ದರೆ 164. ಹತ್ತರಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ ಒಂದು ತುದಿಗೆ 15, ಇನ್ನೊಂದು ತುದಿಗೆ 16. ಹದಿನೈದು ಅಂಕಗಳ ಅಜ್ಞಾನ ಒಂದೇ ಒಂದು ಅಂಕಕ್ಕೆ ಇಳಿಯಿತು. ಒಟ್ಟು 155 ಮುಟ್ಟಿದರೆ ಹದಿನಾರು. ಅಂದರೆ ಆ ಚಟುವಟಿಕೆಯಲ್ಲಿ ಅವಳಿಗೆ ಆರೋ ಅದಕ್ಕಿಂತ ಹೆಚ್ಚೋ ಬಂದಿದೆಯೇ ಎಂಬುದಷ್ಟೇ ನಮಗೆ ಬೇಕಾದದ್ದು. ಎಷ್ಟು ಬಂದಿದೆ ಎಂಬುದು ಬೇಡ.

ಹುಡುಗಿಯನ್ನು ಕರೆದು ಮೊದಲ ಚಟುವಟಿಕೆ ಏನಿತ್ತು ಎಂದು ಕೇಳಿದೆವು. ಚಾರ್ಟ್ ಬರೆದಿದ್ದೆ, ಮೇಡಂ, ಎಂದಳು. ಎಲ್ಲಿದೆ? ಅವಳು ಕೈ ತೋರಿಸಿದಳು. ವಿಜ್ಞಾನ ಕೋಣೆಯ ಗೋಡೆಯ ಮೇಲೆ, ನಾವು ದಿನಕ್ಕೆ ನಾಲ್ಕು ಸಲ ಹಾದುಹೋಗುವ ಜಾಗದಲ್ಲಿ, ಮಾನವನ ಜೀರ್ಣಾಂಗವ್ಯೂಹ. ಸಣ್ಣ ಕರುಳಿಗೆ ಗುಲಾಬಿ ಬಣ್ಣ, ದೊಡ್ಡ ಕರುಳಿಗೆ ನೇರಳೆ. ಅಂಕವನ್ನು ಹಿಂಬದಿಯ ಮೂಲೆಯಲ್ಲಿ ಬರೆದಿದ್ದರಂತೆ. ಆಮೇಲೆ ಮೈದಾ ಅಂಟು ಹಚ್ಚಿ ಗೋಡೆಗೆ ಅಂಟಿಸಿದ್ದಾರೆ.

ಒದ್ದೆ ಬಟ್ಟೆ ಒತ್ತಿ ಒತ್ತಿ, ಸ್ಕೇಲು ತೂರಿಸಿ, ಅರ್ಧ ಗಂಟೆ ಹಿಡಿದು ಬಿಡಿಸಿದೆವು. ಮೈದಾ ಎಲ್ಲಿದ್ದರೂ ಜಿರಲೆ ಅಲ್ಲಿಗೆ ಬರುತ್ತದೆ. ಜೀರ್ಣಾಂಗವ್ಯೂಹದ ಹಿಂಬದಿಯನ್ನು ಅವು ಸಾಕಷ್ಟು ಜೀರ್ಣಿಸಿಕೊಂಡಿದ್ದವು. ಮೂಲೆಯಲ್ಲಿ ಕೆಂಪು ಇಂಕಿನ 1 ಇತ್ತು. ಅದರ ಪಕ್ಕದಲ್ಲಿ ಬೆರಳ ತುದಿಯಷ್ಟು ತೂತು. ತೂತಿನ ಆಚೆ ಓರೆಗೆರೆ, ಓರೆಗೆರೆಯ ಆಚೆ 15.

ನಾನು ಉಸ್ಸೆಂದೆ. ಮೇಡಂ ಚಾರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದಕ್ಕೂ ಓರೆಗೆರೆಗೂ ನಡುವೆ ಇನ್ನೊಂದು ಅಂಕಿ ಕೂರುವಷ್ಟು ಜಾಗ ಇದೆ. ಬರಿಯ ಒಂದು ಎಂದಿದ್ದರೆ ಓರೆಗೆರೆ ಇಷ್ಟು ದೂರ ಹೋಗುತ್ತಿತ್ತೇ? ಖಾತ್ರಿಗೆ ಅದೇ ಗೋಡೆಯ ಇನ್ನೆರಡು ಚಾರ್ಟುಗಳನ್ನೂ ಬಿಡಿಸಿದೆವು. ಒಂದರ ಹಿಂದೆ 8, ಓರೆಗೆರೆ ಅದಕ್ಕೆ ತಾಗಿಕೊಂಡೇ ಇತ್ತು. ಇನ್ನೊಂದರ ಹಿಂದೆ 11, ಎರಡನೆಯ ಅಂಕಿಗೆ ತಾಗಿ ಓರೆಗೆರೆ. ಆ ಕೈ ಅಂಕಿ ಬರೆದು ಜಾಗ ಬಿಡುವ ಕೈಯಲ್ಲ. ಹಾಗಾದರೆ ತೂತಿನೊಳಗೆ ಒಂದು ಅಂಕಿ ಇತ್ತು. ಹತ್ತರಿಂದ ಹದಿನೈದರೊಳಗೆ ಏನೋ ಒಂದು. ಒಟ್ಟು 159ರಿಂದ 164. ಯಾವ ತುದಿಗೆ ಹೋದರೂ ಆಂತರಿಕ ಅಂಕ 16.

ಲೆಡ್ಜರ್ ಹಾಳೆಯ ಮೂವತ್ತೊಂದನೆಯ ಸಾಲಿನಲ್ಲಿ, ವಿಜ್ಞಾನದ ಎರಡನೆಯ ಎಫ್‌ಎಯ ಮನೆಯಲ್ಲಿ, ಅವರು ಪೆನ್ಸಿಲ್‌ನಲ್ಲಿ 36–41 ಎಂದು ಬರೆದರು. ಆಂತರಿಕ ಅಂಕದ ಮನೆಯಲ್ಲಿ ಪೆನ್ನಿನಿಂದ 16. ಮುಖ್ಯೋಪಾಧ್ಯಾಯರು ಹಾಳೆ ನೋಡಿ, ಒಂದು ಮನೆಯಲ್ಲಿ ಎರಡು ಅಂಕ ಏಕೆ, ನಡುವಿನ 38 ಎಂದೋ 39 ಎಂದೋ ಬರೆಯಿರಿ, ಯಾರು ಕೇಳುತ್ತಾರೆ, ಎಂದರು. "ನಾನೇ ಕೇಳುತ್ತೇನೆ, ಸರ್," ಎಂದರು ಮೇಡಂ. ಅವರು ಇನ್ನೇನೂ ಹೇಳದೆ ಹಸಿರು ಪೆನ್ನು ತೆಗೆದು ಸಹಿ ಮಾಡಿದರು.

ಕಳುಹಿಸುವ ಹಿಂದಿನ ದಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಅವರವರ ಸಾಲು ತೋರಿಸಿ ಸಹಿ ಹಾಕಿಸಿಕೊಂಡೆವು. ಹೆಚ್ಚಿನವರು ನೋಡದೆಯೇ ಸಹಿ ಹಾಕಿದರು. ಹತ್ತೊಂಬತ್ತನೆಯವಳು ಹೊಡೆದುಹಾಕಿದ 34ನ್ನು ನೋಡಿ ಹಿಂದಿಯವರ ಕಡೆ ತಿರುಗಿ ನಕ್ಕಳು. ಮೂವತ್ತೊಂದನೆಯವಳು ಬೆರಳಿಟ್ಟು ಓದುತ್ತಾ ಹೋಗಿ ಆ ಮನೆಯ ಹತ್ತಿರ ನಿಂತಳು. ಮೇಡಂ ಚಾರ್ಟಿನ ತೂತು ತೋರಿಸಿ ವಿವರಿಸಿದರು. ಅವಳು ತುಂಬ ಹೊತ್ತು ನೋಡಿ, ಮೆಲ್ಲಗೆ, "ಹದಿಮೂರು ಕೊಟ್ಟಿದ್ದರು, ಮೇಡಂ," ಎಂದಳು.

ಮೇಡಂ ಪೆನ್ಸಿಲ್ ತೆಗೆದುಕೊಂಡರು. ಹಾಳೆಯ ಅಂಚಿನಲ್ಲಿ, ಆ ಸಾಲಿನ ಎದುರಿಗೆ, 'ವಿದ್ಯಾರ್ಥಿನಿಯ ನೆನಪು: 13' ಎಂದು ಸಣ್ಣದಾಗಿ ಬರೆದರು. ಮನೆಯೊಳಗಿನ 36–41ನ್ನು ಮುಟ್ಟಲಿಲ್ಲ. ಹುಡುಗಿ ಸಹಿ ಹಾಕಿ, ಚಾರ್ಟನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದಳು. "ಪರೀಕ್ಷೆ ಮುಗಿಯಲಿ," ಎಂದು ಮೇಡಂ ಅದನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಲೆಡ್ಜರ್ ಹಾಳೆಯ ಜೊತೆಗೇ ಬೀರುವಿನಲ್ಲಿ ಇಟ್ಟರು.